ಇಪ್ಪತ್ತೊಂದಕ್ಕೆ ಮೊದಲು ಮನೆಯಲ್ಲಿ ಆಗಬೇಕಾದ ಮಾತು

ಹೋದ ವಾರ ಮೈಸೂರಿನಿಂದ ಸೋದರತ್ತೆ ಫೋನ್ ಮಾಡಿದ್ದರು. ಮಾತಿನ ಮಧ್ಯೆ ಇಲ್ಲಿ ಅಮೆರಿಕದಲ್ಲಿರುವ ನನ್ನ ಗೆಳೆಯನ ಮಗನ ವಿಷಯ ಬಂತು. ಅವನೀಗ ಅಪ್ಪನ ವೀಸಾದಲ್ಲಿಲ್ಲ, ಸ್ಟೂಡೆಂಟ್ ವೀಸಾಗೆ ಹೋದ ಎಂದೆ. "ಅಪ್ಪ ಅಮ್ಮನ ಜೊತೆಗೇ ಇರೋ ಹುಡುಗನಿಗೆ ಬೇರೆ ವೀಸಾ ಯಾಕೋ? ಅಷ್ಟು ವರ್ಷ ಅಲ್ಲಿದ್ದೂ ಇದೊಂದು ಸರಿ ಮಾಡ್ಕೊಳ್ಳೋಕೆ ಆಗ್ಲಿಲ್ವಾ ನಿಮಗೆ?" ಎಂದರು. ಬೇಕಂತ ಚುಚ್ಚಿದ್ದಲ್ಲ. ಆದರೂ ಚುಚ್ಚಿತು.

ಊರಲ್ಲಿ ತಾರೀಖು ಅಂದರೆ ಸ್ವಲ್ಪ ಹಿಂದೆ ಮುಂದೆ ಆಗುವಂಥದ್ದು. ನಮ್ಮ ತಲೆಮಾರಿನ ಎಷ್ಟೋ ಜನರ ಹುಟ್ಟಿದ ದಿನ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡಿದ್ದು. ಅರ್ಜಿಯ ಕೊನೆ ದಿನ ಮುಗಿದರೆ ಯಾರನ್ನಾದರೂ ಹೋಗಿ ನೋಡಿದರಾಯಿತು. ಇನ್ನು ಇಂಥ ಕಾಗದಪತ್ರದ ವಿಷಯವನ್ನು ಮಕ್ಕಳ ಮುಂದೆ ಯಾರೂ ಎತ್ತುವುದಿಲ್ಲ. "ಓದ್ಕೊಳ್ಳಲಿ ಪಾಪ, ಅವರಿಗ್ಯಾಕೆ ಇದೆಲ್ಲ" ಅಂತ ಅಪ್ಪನೊಬ್ಬನೇ ಇಟ್ಟುಕೊಂಡಿರುತ್ತಾನೆ. ಇಲ್ಲಿಗೆ ಬಂದ ನಮ್ಮ ಜನ ಈ ಅಭ್ಯಾಸವನ್ನೂ ಜೊತೆಗೆ ತಂದಿದ್ದಾರೆ. ಇದೇ ನನಗೆ ಬೇಜಾರು.

ಯಾಕೆಂದರೆ ಇಲ್ಲಿ ತಾರೀಖು ಜಗ್ಗುವುದಿಲ್ಲ. ಅಪ್ಪ ಅಥವಾ ಅಮ್ಮ ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲಿದ್ದರೆ ಮಕ್ಕಳು ಅವರ ನೆರಳಿನ ಎಚ್-4 ವೀಸಾ ಮೇಲೆ. ಮಗುವಿಗೆ 21 ತುಂಬಿದ ದಿನ ಆ ಎಚ್-4 ಮುಗಿಯಿತು. ಮೂರು ವರ್ಷದವನಾಗಿ ಬಂದಿರಲಿ, ಇಲ್ಲೇ ಹೈಸ್ಕೂಲ್ ಮುಗಿಸಿರಲಿ, ಲೆಕ್ಕಕ್ಕಿಲ್ಲ. ಅಷ್ಟರೊಳಗೆ ಗ್ರೀನ್ ಕಾರ್ಡ್ ಬಂದುಬಿಟ್ಟರೆ ತೊಂದರೆಯೇ ಇಲ್ಲ. ಆದರೆ ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷಕ್ಕೆ ಶೇಕಡಾ 7ರ ಮಿತಿ ಇರುವುದರಿಂದ ಭಾರತದವರ ಸಾಲು ಹತ್ತು ವರ್ಷ ದಾಟಿದೆ.

ದಾವಣಗೆರೆ ಕಡೆಯ ಆ ಗೆಳೆಯನ ಲೆಕ್ಕ ಹೇಳುತ್ತೇನೆ. ಹೆಚ್ಚು ಓದಿದವರ ಗ್ರೀನ್ ಕಾರ್ಡ್ ಸಾಲಾದ ಇಬಿ-2ರಲ್ಲಿ ಅವನ ಪ್ರಯಾರಿಟಿ ಡೇಟ್, ಅಂದರೆ ಸಾಲಿನಲ್ಲಿ ಜಾಗ ಹಿಡಿದ ದಿನ, 2013ರ ಮಾರ್ಚ್ 10. ಕಂಪನಿಯವರು ಅವನ ಗ್ರೀನ್ ಕಾರ್ಡಿಗಾಗಿ ಹಾಕುವ ಐ-140 ಅರ್ಜಿಯನ್ನು ಮಾಮೂಲಿ ದಾರಿಯಲ್ಲೇ ಹಾಕಿದ್ದರು. ಅದು ಪಾಸಾಗಲು 240 ದಿನ ಹಿಡಿಯಿತು. ಮಗನಿಗೆ 21 ತುಂಬಿದ್ದು 2025ರ ಮಾರ್ಚ್ 20ಕ್ಕೆ. ಗೆಳೆಯನ ಸರದಿ ಬಂದದ್ದು ಆ ವರ್ಷದ ಅಕ್ಟೋಬರ್ 1ಕ್ಕೆ, ಸಾಲು ಎಲ್ಲಿಗೆ ಬಂತು ಅಂತ ಸರ್ಕಾರ ತಿಂಗಳು ತಿಂಗಳು ಹೇಳುವ ವೀಸಾ ಬುಲೆಟಿನ್‌ನ ಫೈನಲ್ ಆ್ಯಕ್ಷನ್ ಡೇಟ್ 2013ರ ಏಪ್ರಿಲ್ 1ಕ್ಕೆ ಬಂದಾಗ. ಹುಡುಗನಿಗೆ 21 ದಾಟಿ ಆಗಲೇ 195 ದಿನ.

ಅಪ್ಪನ ಜೊತೆ ಸಿಗುವ ಗ್ರೀನ್ ಕಾರ್ಡ್ ಹುಡುಗನ ಕೈ ತಪ್ಪಿತು ಅನ್ನಬೇಕಲ್ವಾ? ತಪ್ಪಲಿಲ್ಲ. 2002ರ ಚೈಲ್ಡ್ ಸ್ಟೇಟಸ್ ಪ್ರೊಟೆಕ್ಷನ್ ಆ್ಯಕ್ಟ್ ಪ್ರಕಾರ, ಸರದಿ ಬಂದ ದಿನ ಮಗುವಿಗೆ ಎಷ್ಟು ವಯಸ್ಸೋ ಅದರಿಂದ ಐ-140 ಕಾದು ಕೂತ ದಿನಗಳನ್ನು ಕಳೆಯುತ್ತಾರೆ. 195ರಲ್ಲಿ 240 ಕಳೆದರೆ ಹುಡುಗ ಕಾನೂನಿನ ಲೆಕ್ಕದಲ್ಲಿ 21ಕ್ಕೆ 45 ದಿನ ಕಮ್ಮಿ. ಮದುವೆಯಾಗಿರಬಾರದು, ಸರದಿ ಬಂದ ಒಂದು ವರ್ಷದೊಳಗೆ ಗ್ರೀನ್ ಕಾರ್ಡಿನ ಕೊನೆಯ ಅರ್ಜಿ ಐ-485 ಹಾಕಬೇಕು, ಅಷ್ಟೇ. ಮೂವರೂ ಒಟ್ಟಿಗೆ ಹಾಕಿದರು.

ಅದೇ ಐ-140ಗೆ ದುಡ್ಡು ಕಟ್ಟಿ ಪ್ರೀಮಿಯಂ ಮಾಡಿಸಿ ಹದಿನೈದು ದಿನಕ್ಕೆ ಪಾಸ್ ಮಾಡಿಸಿದ್ದರೆ? ಕಳೆಯಲು ಸಿಗುತ್ತಿದ್ದದ್ದೂ ಹದಿನೈದೇ ದಿನ. ಹುಡುಗ ಹೊರಗೆ. ಬೇಗ ಆಗಲಿ ಅಂತ ದುಡ್ಡು ಕೊಟ್ಟದ್ದೇ ಮಗುವಿಗೆ ಮುಳ್ಳಾಗುತ್ತದೆ ಅಂತ ಎಷ್ಟು ಅಪ್ಪಂದಿರಿಗೆ ಗೊತ್ತು? ಎಚ್-1ಬಿಯ ಆರು ವರ್ಷದ ಮಿತಿ ಮುಗಿಯುತ್ತಾ ಬಂದವರಿಗೆ ಪ್ರೀಮಿಯಂ ಬೇಕಾಗಬಹುದು, ಆ ಮಾತು ಬೇರೆ. ಮಕ್ಕಳು ದೊಡ್ಡವರಿದ್ದು ಅವಸರವಿಲ್ಲದವರು ಕಂಪನಿಯ ವಕೀಲರ ಹತ್ತಿರ ಈ ಪ್ರಶ್ನೆ ಎತ್ತಲೇಬೇಕು. ಅದಕ್ಕೂ ಮೊದಲು, ಈ ಕೆಲಸಕ್ಕೆ ಇಲ್ಲಿನವರು ಸಿಗಲಿಲ್ಲ ಅಂತ ತೋರಿಸುವ ಲೇಬರ್ ಸರ್ಟಿಫಿಕೇಶನ್‌ಗೆ ಕಾದ ತಿಂಗಳುಗಳು ಇದರಲ್ಲಿ ಸೇರುವುದಿಲ್ಲ, ಅದನ್ನೂ ತಿಳಿದಿರಲಿ. ಬುಲೆಟಿನ್‌ನಲ್ಲಿ ಎರಡು ಪಟ್ಟಿ ಇರುತ್ತದೆ, ಅರ್ಜಿ ಯಾವಾಗ ಹಾಕಬಹುದು ಅನ್ನುವುದು ಒಂದು, ಗ್ರೀನ್ ಕಾರ್ಡ್ ಯಾವಾಗ ಕೊಡಬಹುದು ಅನ್ನುವುದು ಇನ್ನೊಂದು. 2023ರ ಫೆಬ್ರವರಿಯಿಂದ ವಯಸ್ಸಿನ ಲೆಕ್ಕಕ್ಕೆ ತಾರೀಖು ಮುಂದಿರುವ ಮೊದಲ ಪಟ್ಟಿಯನ್ನು ಹಿಡಿಯಬಹುದಿತ್ತು. 2025ರ ಆಗಸ್ಟ್ 15ರಿಂದ ಮತ್ತೆ ತಾರೀಖು ಹಿಂದಿರುವ ಎರಡನೆಯ ಪಟ್ಟಿಯೇ, ಅಂದರೆ ಫೈನಲ್ ಆ್ಯಕ್ಷನ್ ಡೇಟ್. ಹಳೆಯ ಲೆಕ್ಕ ನಂಬಿ ಕೂತವರು ಇನ್ನೊಮ್ಮೆ ಮಾಡಿ ನೋಡಲಿ.

ಇಷ್ಟೆಲ್ಲ ಆದರೂ ಈ ಕಾನೂನು ಕಾಪಾಡುವುದು ಗ್ರೀನ್ ಕಾರ್ಡಿನ ಸಾಲಿನಲ್ಲಿರುವ ಜಾಗವನ್ನು ಮಾತ್ರ. ಎಚ್-4 ಅನ್ನು ಕಾಪಾಡುವುದಿಲ್ಲ. ಮಾರ್ಚ್ 20ರಿಂದ ಅಕ್ಟೋಬರ್‌ವರೆಗೆ ಹುಡುಗ ಯಾವ ವೀಸಾ ಮೇಲೆ ಇದ್ದ? ಎಫ್-1, ಅಂದರೆ ಸ್ಟೂಡೆಂಟ್ ವೀಸಾ. ಆ ಮನೆಯಲ್ಲಿ ನನಗೆ ಹಿಡಿಸಿದ್ದು ಇದೇ. ಮಗನಿಗೆ ಹದಿನಾರಾದಾಗಲೇ ಅಪ್ಪ ಎಲ್ಲ ಕಾಗದ ಮುಂದಿಟ್ಟು ತಿಳಿಸಿದ್ದ. 2024ರ ಆಗಸ್ಟ್‌ನಲ್ಲಿ, ಹುಟ್ಟುಹಬ್ಬಕ್ಕೆ ಏಳು ತಿಂಗಳಿರುವಾಗ, ಹುಡುಗನೇ ಕಾಲೇಜಿನಿಂದ ಐ-20 ಅನ್ನುವ ಪ್ರವೇಶ ಪತ್ರ ತರಿಸಿಕೊಂಡು, ಎಚ್-4ನಿಂದ ಎಫ್-1ಗೆ ಬದಲಾಯಿಸಿಕೊಳ್ಳುವ ಐ-539 ಅರ್ಜಿ ಹಾಕಿದ. 21 ತುಂಬುವ ಮೊದಲು ಅರ್ಜಿ ತಲುಪಬೇಕು, ಆ ದಿನ ಎಚ್-4 ಸರಿಯಾಗಿರಬೇಕು. ಎರಡು ತಿಂಗಳಿರುವಾಗಲೂ ಹಾಕಬಹುದು. ಆದರೆ ಒಂದು ಕಾಗದ ಕಮ್ಮಿಯಾಗಿ ಅರ್ಜಿ ವಾಪಸ್ ಬಂದರೆ ಮತ್ತೆ ಹಾಕಲು ದಿನ ಉಳಿದಿರುವುದಿಲ್ಲ.

ಆ ಹೊತ್ತಿಗೇ ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮದುವೆ. ಅರ್ಜಿ ಬಾಕಿ ಇರುವಾಗ ದೇಶ ಬಿಟ್ಟರೆ ಅರ್ಜಿ ಬಿಟ್ಟುಕೊಟ್ಟ ಹಾಗೆ. ಊರಿಂದ ಒಂದೇ ಸಮನೆ ಫೋನು. ನಾಲ್ಕು ದಿನಕ್ಕೆ ಬಂದು ಹೋದರೆ ಏನಾಗುತ್ತೆ, ಯಾರಿಗೆ ಗೊತ್ತಾಗುತ್ತೆ ಅಂತ. ಅಮ್ಮ ಒಬ್ಬಳೇ ಹೋಗಿ ಬಂದಳು. ಹುಡುಗ ಹೋಗಿದ್ದರೆ ಎಫ್-1 ವೀಸಾಗೆ ಚೆನ್ನೈಗೋ ಹೈದರಾಬಾದಿಗೋ ಹೋಗಿ ನಿಲ್ಲಬೇಕಿತ್ತು. ಓದು ಮುಗಿಸಿ ಭಾರತಕ್ಕೆ ಮರಳುತ್ತೇನೆ ಅಂತ ಅಧಿಕಾರಿಗೆ ನಂಬಿಕೆ ಬರಿಸಬೇಕಿತ್ತು. ಅಪ್ಪ ಅಮ್ಮ ಇಲ್ಲಿ ಗ್ರೀನ್ ಕಾರ್ಡಿಗೆ ಕಾಯುತ್ತಿರುವ ಹುಡುಗ ಅದನ್ನು ಹೇಗೆ ನಂಬಿಸುತ್ತಾನೆ?

ಎಫ್-1 ಆದ ಮೇಲೆ ಫೀಸಿನ ವಿಷಯ ಬರುತ್ತದೆ. ಎಚ್-4ನಲ್ಲಿ ರಾಜ್ಯದವರ ಫೀಸ್ ಕಟ್ಟುತ್ತಿದ್ದ ಮಗು ಕೆಲವು ಕಡೆ ಹೊರದೇಶದವರ ಫೀಸ್ ಕಟ್ಟಬೇಕಾಗುತ್ತದೆ. ಒಂದೊಂದು ರಾಜ್ಯದ್ದು ಒಂದೊಂದು ನಿಯಮ. ಹೈಸ್ಕೂಲಿನ ಕೊನೆ ವರ್ಷ ಕಾಲೇಜು ಆರಿಸುವಾಗಲೇ ಕೇಳಿಕೊಳ್ಳಬೇಕು. ಆಮೇಲಿನ ದಾರಿಯೂ ಉದ್ದವೇನಿಲ್ಲ. ಓದು ಮುಗಿದ ಮೇಲೆ ಒಂದು ವರ್ಷ ಕೆಲಸ, ವಿಜ್ಞಾನ, ಎಂಜಿನಿಯರಿಂಗ್ ಓದಿದರೆ ಇನ್ನೆರಡು. ಅಷ್ಟರೊಳಗೆ ಎಚ್-1 ಲಾಟರಿಯಲ್ಲಿ ಹೆಸರು ಬರಬೇಕು. ಹದಿನೇಳರ ಮಗುವಿಗೆ ಇದು ಗೊತ್ತಿದ್ದರೆ ಯಾವ ಕೋರ್ಸ್ ಅಂತ ಆರಿಸುವ ರೀತಿಯೇ ಬೇರೆ. ಇಪ್ಪತ್ತಾದಾಗ ಅಡುಗೆಮನೆಯಲ್ಲಿ ಅಪ್ಪ ಅಮ್ಮನ ಪಿಸುಮಾತಿನಿಂದ ಗೊತ್ತಾದರೆ, ಆರಿಸಲು ಏನೂ ಉಳಿದಿರುವುದಿಲ್ಲ. ಅಂಥ ಮನೆಗಳನ್ನೂ ನೋಡಿದ್ದೇನೆ. ಒಬ್ಬ ಹುಡುಗಿ ಸಂಗೀತ ಓದುತ್ತಿದ್ದಳು. ಹೇಳಿದ್ದರೆ ಬೇರೆ ಯೋಚನೆ ಮಾಡುತ್ತಿದ್ದೆ ಅಂತ ಅವರಪ್ಪನ ಮುಂದೆಯೇ ಅತ್ತಳು.

ಸೋದರತ್ತೆ ಕೇಳಿದ್ದು ಸುಳ್ಳೇನೂ ಅಲ್ಲ, ಅದನ್ನು ಒಪ್ಪಲೇಬೇಕು. ಇದೇ ದೇಶದಲ್ಲಿ ಅಪ್ಪನ ಆರೋಗ್ಯ ವಿಮೆಯಲ್ಲಿ ಮಗ 26ರವರೆಗೆ ಇರಬಹುದು. ನಮ್ಮ ಕೇಂದ್ರ ಸರ್ಕಾರದ ಕುಟುಂಬ ಪಿಂಚಣಿಯೂ ಮಗನಿಗೆ 25ರವರೆಗೆ ಸಿಗುತ್ತದೆ. ಜ್ವರ ಬಂದರೆ ಅಪ್ಪನ ಮಗ, ವೀಸಾಗೆ ಮಾತ್ರ ಯಾರೋ ಅನ್ನುವುದು ಯಾವ ನ್ಯಾಯ? ಇಂಥ ಮಕ್ಕಳಿಗಾಗಿ 2021ರಿಂದ ಇಲ್ಲಿನ ಸಂಸತ್ತಿನಲ್ಲಿ ಮಸೂದೆ ಬರುತ್ತಲೇ ಇದೆ, ಪಾಸಾಗಿಲ್ಲ. ಇಪ್ಪತ್ತೊಂದಾದರೂ ಮಗು ಮನೆಯದೇ ಅನ್ನುವ ಊರಿನ ತಿಳಿವಳಿಕೆಯೇ ಇದರಲ್ಲಿ ಸರಿ ಅಂತ ನನಗೂ ಅನಿಸುತ್ತದೆ. ಆ ಮಸೂದೆ ಪಾಸಾಗುವವರೆಗೆ ಹದಿನಾರರ ಮಗುವನ್ನು ಕೂರಿಸಿಕೊಂಡು ಐ-140 ಎಷ್ಟು ದಿನ ಕಾದಿತ್ತು ಅನ್ನುವುದನ್ನು ಅಪ್ಪ ತೋರಿಸಲೇಬೇಕು.