ಆಂಥೂರಿಯಂ ಮಾರಲು ಪೋಸ್ಟ್ ಹಾಕುವವರು ಅಳತೆ ಹಿಡಿದು ಬರೆಯಿರಿ

ಮೂಡಿಗೆರೆ, ಕೊಪ್ಪ, ಸಕಲೇಶಪುರ ಕಡೆಯಿಂದ ಆಂಥೂರಿಯಂ ಗಿಡಗಳು ಈಗ ಹುಬ್ಬಳ್ಳಿ, ಬಳ್ಳಾರಿವರೆಗೂ ಪಾರ್ಸೆಲ್ ಹೋಗುತ್ತಿವೆ. ಗಿಡ ಬೆಳೆಸುವುದರಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಮೀರಿಸುವವರಿಲ್ಲ. ಆದರೆ ಮಾರಾಟಕ್ಕೆ ಹಾಕುವ ಪೋಸ್ಟ್ ಮಾತ್ರ ಹೆಚ್ಚಾಗಿ ಇಷ್ಟೇ ಇರುತ್ತದೆ: "ಕೆಂಪು ಆಂಥೂರಿಯಂ, ದೊಡ್ಡ ಗಿಡ, 6 ಇಂಚು, ಇಂಡೋರ್, ಕೊರಿಯರ್ ಚಾರ್ಜ್ ಬೇರೆ." ಮುಂದೆ ಬರುವ ಜಗಳಗಳೆಲ್ಲ ಈ ಒಂದು ಸಾಲಿನಲ್ಲೇ ಇವೆ.

6 ಇಂಚು ಅಂದರೆ ಯಾವುದು? ನರ್ಸರಿ ಲೆಕ್ಕದಲ್ಲಿ ಅದು ಪಾಟ್‌ನ ಬಾಯಿಯ ಅಗಲ. ಕೊಳ್ಳುವವರು ಗಿಡದ ಎತ್ತರ ಅಂದುಕೊಳ್ಳುತ್ತಾರೆ, ಇಲ್ಲವೇ ಪಾಟ್ ಕೂಡ ಬರುತ್ತದೆ ಅಂದುಕೊಳ್ಳುತ್ತಾರೆ. ಹಾಗಾಗಿ ಗಿಡಕ್ಕೊಂದು ಅಳತೆ, ಪಾಟ್‌ಗೊಂದು ಅಳತೆ ಬೇರೆ ಬೇರೆಯಾಗಿ ಬರೆಯಬೇಕು. ಗಿಡದ ಎತ್ತರವನ್ನು ಪಾಟ್‌ನ ತಳದಿಂದ ಹಿಡಿಯಬೇಡಿ. ಬುಡ ಎಲ್ಲಿ ಕಾಣುತ್ತದೋ ಅಲ್ಲಿಂದ ಅತಿ ಎತ್ತರದ ಎಲೆಯವರೆಗೆ, ಗಿಡ ತಾನಾಗಿ ನಿಂತ ಹಾಗೇ ಟೇಪ್ ಹಿಡಿಯಿರಿ. ಎಲೆಗಳನ್ನು ಕೈಯಲ್ಲಿ ಒಟ್ಟು ಮಾಡಿ ಮೇಲಕ್ಕೆತ್ತಿದರೆ ಅಳತೆ ಹಲವು ಇಂಚು ಹೆಚ್ಚು ಬರುತ್ತದೆ, ಆ ಎತ್ತರ ಕೊಂಡವರ ಮನೆಯಲ್ಲಿ ಕಾಣುವುದಿಲ್ಲ. ಹೂವಿನ ದಂಟನ್ನೂ ಎತ್ತರಕ್ಕೆ ಸೇರಿಸಬಾರದು.

ಎತ್ತರಕ್ಕಿಂತ ಮುಖ್ಯವಾದದ್ದು ಎಲೆಯ ಲೆಕ್ಕ. ಬಲಿತ ಆಂಥೂರಿಯಂನಲ್ಲಿ ಎಲೆಯ ಬುಡದಿಂದ ಹೂ ಬರುತ್ತದೆ, ಒಂದು ಎಲೆಗೆ ಒಂದು ಹೂ. ಆದ್ದರಿಂದ "ಬಲಿತ ಎಲೆ 5, ಬಿಚ್ಚುತ್ತಿರುವ ಎಲೆ 1, ಬುಡದಲ್ಲಿ ಮರಿ 2" ಅಂತ ಬರೆದರೆ ತಿಳಿದವರಿಗೆ ಗಿಡ ಕಣ್ಣಿಗೆ ಕಟ್ಟುತ್ತದೆ. ಈಗಾಗಲೇ ಹೂ ಬಿಟ್ಟ ಗಿಡವೋ, ಇನ್ನೂ ಬಿಡದ ಟಿಶ್ಯೂ ಕಲ್ಚರ್ ಸಸಿಯೋ ಅನ್ನುವುದನ್ನೂ ಹೇಳಿ. ಎರಡಕ್ಕೂ ಒಂದೇ ಬೆಲೆ ಇರುವುದಿಲ್ಲ, ಕಾಯಬೇಕಾದ ಕಾಲವೂ ಬೇರೆ. ಫೋಟೋ ಕಳಿಸುವ ಗಿಡದ್ದೇ ಇರಲಿ, ಪಕ್ಕದಲ್ಲಿ ಸ್ಕೇಲ್ ನಿಲ್ಲಿಸಿ ತೆಗೆಯಿರಿ. ತಾಯಿಗಿಡದ ಫೋಟೋ ಹಾಕಿ ಮರಿ ಕಳಿಸುವುದು ನನ್ನ ಪ್ರಕಾರ ಮೋಸವೇ, ಕೆಳಗೆ ಸಣ್ಣದಾಗಿ "ಮಾದರಿ ಚಿತ್ರ" ಅಂತ ಬರೆದರೂ ಅಷ್ಟೇ.

ಪಾಟ್ ವಿಷಯದಲ್ಲಿ ಅದು ಜೊತೆಗೆ ಬರುತ್ತದೋ ಇಲ್ಲವೋ, ಒಳಗೆ ಏನು ತುಂಬಿದೆ, ಇವೆರಡು ಸಾಕು. ಕಾಡಿನಲ್ಲಿ ಆಂಥೂರಿಯಂ ಮರವನ್ನು ಹಿಡಿದು ಬೆಳೆಯುವ ಜಾತಿ. ಅದರ ದಪ್ಪ ಬೇರಿಗೆ ಗಾಳಿ ಬೇಕು. ನಾವು ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಇಟ್ಟಿಗೆ ಚೂರು ಹಾಕಿ ಬೆಳೆಸುತ್ತೇವೆ. ಕೊಂಡವರು ಅದನ್ನು ತಂದು ತೋಟದ ಕೆಂಪುಮಣ್ಣಿಗೆ ನೆಟ್ಟರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ, ಬೈಗುಳ ಮಾತ್ರ ಮಾರಿದವರಿಗೆ. ಆ ಮಿಶ್ರಣದ ಒಂದು ಸಾಲು ಪೋಸ್ಟ್‌ನಲ್ಲಿದ್ದರೆ ಗಿಡ ಉಳಿಯುತ್ತದೆ.

ಬೆಳಕಿನ ಬಗ್ಗೆ "ಇಂಡೋರ್" ಅನ್ನುವ ಪದ ಏನನ್ನೂ ಹೇಳುವುದಿಲ್ಲ. ಗಿಡ ನಿಮ್ಮಲ್ಲಿ ಎಲ್ಲಿ ಬೆಳೆದಿದೆ ಅನ್ನುವುದನ್ನು ಬರೆಯಿರಿ: 75 ಪರ್ಸೆಂಟ್ ಶೇಡ್ ನೆಟ್ ಕೆಳಗೋ, ಜಗಲಿಯ ಅಂಚಿನಲ್ಲೋ, ತೋಟದ ಮರದ ನೆರಳಲ್ಲೋ. 75 ಪರ್ಸೆಂಟ್ ಅಂದರೆ ಅಷ್ಟು ಬೆಳಕನ್ನು ನೆಟ್ ತಡೆಯುತ್ತದೆ, ಬಿಡುವುದು ಕಾಲು ಭಾಗ ಮಾತ್ರ. ಮನೆಯೊಳಗೆ ಇಡುವವರಿಗೆ ಪರೀಕ್ಷೆ ಸುಲಭ. ಮಧ್ಯಾಹ್ನ ಎಲೆಯ ಮೇಲೆ ಒಂದು ಅಡಿ ಎತ್ತರದಲ್ಲಿ ಕೈ ಹಿಡಿದರೆ ಅಂಚು ಮಸುಕಾದ ನೆರಳು ಬೀಳಬೇಕು. ನೆರಳು ಕತ್ತರಿಸಿದ ಹಾಗೆ ಸ್ಪಷ್ಟವಾಗಿದ್ದರೆ ಬಿಸಿಲು ಹೆಚ್ಚು, ಎಲೆಯ ನಡುವೆ ಬಿಳಿಚಿಕೊಂಡು ಆಮೇಲೆ ಒಣಗಿದ ಕಂದು ಪಟ್ಟಿ ಬರುತ್ತದೆ. ನೆರಳೇ ಕಾಣದಿದ್ದರೆ ಕತ್ತಲೆ ಹೆಚ್ಚು, ತೊಟ್ಟು ಉದ್ದವಾಗುತ್ತದೆ, ಎಲೆ ಹಸಿರಾಗಿರುತ್ತದೆ, ಹೂ ಬರುವುದಿಲ್ಲ. ಬಯಲುಸೀಮೆಗೆ ಕಳಿಸುವಾಗ ಇನ್ನೊಂದು ಮಾತು ಸೇರಿಸಿ. ಮಲೆನಾಡಿನ ಮಳೆಗಾಲದ ತೇವದಲ್ಲಿ ಬೆಳೆದ ಎಲೆಗೆ ಬಳ್ಳಾರಿಯ ಒಣಗಾಳಿ ಹೊಸದು, ಅಂಚು ಒಣಗಬಹುದು. ಮೊದಲ ವಾರ ಫ್ಯಾನ್ ಗಾಳಿ ತಾಗದ ನೆರಳಲ್ಲಿ ಇಡಲಿ. ಈ ಗಿಡವನ್ನು ಜಗಿದರೆ ಬಾಯಿ ಉರಿಯುತ್ತದೆ, ಊದಿಕೊಳ್ಳುತ್ತದೆ. ಮಕ್ಕಳು, ಬೆಕ್ಕು, ನಾಯಿ ಇರುವ ಮನೆಯವರಿಗೆ ಇದು ಮೊದಲೇ ಗೊತ್ತಾಗಬೇಕು.

ಇನ್ನು ಪ್ಯಾಕಿಂಗ್. ಹೆಚ್ಚು ಗಿಡ ಹಾಳಾಗುವುದು ಇಲ್ಲೇ, ಕೊರಿಯರಿನವರು ಎಸೆದದ್ದಕ್ಕಿಂತ ನಾವು ಕಟ್ಟಿದ ರೀತಿಯಿಂದಲೇ ಹೆಚ್ಚು. ಕಳಿಸುವ ಹಿಂದಿನ ದಿನ ನೀರು ಕೊಡಿ, ಅದೇ ದಿನ ಬೇಡ. ಬೇರು ತೇವವಾಗಿರಬೇಕು, ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಎಲೆ ಪೂರ್ತಿ ಒಣಗಿರಬೇಕು. ಬೇರಿನ ಸುತ್ತ ನೆನೆಸಿ ಹಿಂಡಿದ ತೆಂಗಿನ ನಾರು ಇಟ್ಟು, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ, ಬುಡದ ಕೆಳಗೇ ದಾರ ಕಟ್ಟಿ. ಪ್ಲಾಸ್ಟಿಕ್ ಅಲ್ಲಿಗೇ ನಿಲ್ಲಬೇಕು. ಎಲೆಯನ್ನೂ ಸೇರಿಸಿ ಇಡೀ ಗಿಡಕ್ಕೆ ಕವರ್ ಹಾಕಿದರೆ ಒಳಗೆ ಬೆವರಿ, ಮೂರನೆಯ ದಿನಕ್ಕೆ ಬುಡ ಕಪ್ಪಾಗಿ ಮೆತ್ತಗಾಗಿರುತ್ತದೆ. ಬಾಕ್ಸ್ ತೆರೆದಾಗ ಹುಳಿ ವಾಸನೆ ಬಂದರೆ ಅದು ಕಟ್ಟಿದ್ದರ ತಪ್ಪು. ಅಡಿಯ ಒಂದೆರಡು ಹಳೆ ಎಲೆ ಹಳದಿಯಾದದ್ದು ಮಾತ್ರ ಪ್ರಯಾಣದ ಆಯಾಸ, ಚಿಂತೆಯಿಲ್ಲ.

ಆಂಥೂರಿಯಂ ಮುರಿಯುವುದು ಎಲೆ ಮತ್ತು ತೊಟ್ಟು ಕೂಡುವ ಕತ್ತಿನಲ್ಲಿ. ಅದಕ್ಕೆ ಎಲೆಗಳನ್ನು ಬಲವಂತವಾಗಿ ಮಡಚದೆ, ಎಳೆಯ ಎಲೆ ಒಳಗೆ ಬರುವಂತೆ ನಿಧಾನವಾಗಿ ಮೇಲಕ್ಕೆ ಕೂಡಿಸಿ, ನ್ಯೂಸ್‌ಪೇಪರನ್ನು ಕೆಳಗಿನಿಂದ ಮೇಲಕ್ಕೆ ಪೊಟ್ಟಣದ ಹಾಗೆ ಸುತ್ತಿ. ಗಿಡದಷ್ಟೇ ಎತ್ತರದ ಬಿದಿರಿನ ಕಡ್ಡಿ ಕಟ್ಟಿ, ಬೇರಿನ ಗಂಟನ್ನು ಬಾಕ್ಸ್‌ನ ತಳಕ್ಕೆ ಟೇಪ್ ಹಾಕಿ ಕೂರಿಸಿ. ಬಾಕ್ಸ್ ಅಲುಗಿಸಿದರೆ ಒಳಗೆ ಏನೂ ಜರುಗಬಾರದು. ಪಕ್ಕಗಳಲ್ಲಿ ನಾಲ್ಕಾರು ತೂತು ಸಾಕು. ಅರಳಿದ ಹೂವನ್ನು ಕತ್ತರಿಸಿಯೇ ಕಳಿಸಿ, "ಹೂ ತೆಗೆದು ಕಳಿಸಲಾಗುವುದು" ಅಂತ ಪೋಸ್ಟ್‌ನಲ್ಲೇ ಹೇಳಿಬಿಡಿ.

ಪಾಟ್ ಸಮೇತ ಕಳಿಸಬೇಕೋ ಬೇಡವೋ ಅನ್ನುವುದಕ್ಕೆ ಲೆಕ್ಕ ಹಾಕಿ ನೋಡಿ. ಹಲವು ಕೊರಿಯರ್‌ಗಳು ನಿಜವಾದ ತೂಕ, ಬಾಕ್ಸ್‌ನ ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಚಾರ್ಜ್ ಮಾಡುತ್ತವೆ. ಗಾತ್ರದ ತೂಕಕ್ಕೆ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. 14 ಇಂಚಿನ ಗಿಡವನ್ನು ಪಾಟ್ ಇಲ್ಲದೆ 50×20×20 ಬಾಕ್ಸ್‌ಗೆ ಹಾಕಿದರೆ 4 ಕೆಜಿ ಲೆಕ್ಕ. ಪಾಟ್ ಸಮೇತ 55×25×25 ಆದರೆ ಹತ್ತಿರ ಹತ್ತಿರ 7 ಕೆಜಿ. ಪಾಟ್‌ನ ಬೆಲೆಗಿಂತ ಅದರ ಸಾಗಣೆಯೇ ಹೆಚ್ಚಾಗುತ್ತದೆ. ಪಾಟ್ ಬಿಟ್ಟು ಕಳಿಸುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಬಸ್ ಪಾರ್ಸೆಲ್‌ನಲ್ಲಿ ಹಾಸನಕ್ಕೋ ಬೆಂಗಳೂರಿಗೋ ರಾತ್ರಿ ಹಾಕಿ ಬೆಳಿಗ್ಗೆ ತೆಗೆದುಕೊಳ್ಳುವಂತಿದ್ದರೆ ಮಾತ್ರ ಪಾಟ್ ಇರಲಿ.

ಇಷ್ಟನ್ನೂ ಸೇರಿಸಿದರೆ ಪೋಸ್ಟ್ ಹೀಗಾಗುತ್ತದೆ:

"ಕೆಂಪು ಆಂಥೂರಿಯಂ, ಒಮ್ಮೆ ಹೂ ಬಿಟ್ಟ ಗಿಡ. ಬುಡದಿಂದ ಎತ್ತರ 14 ಇಂಚು, ಬಲಿತ ಎಲೆ 5, ಮರಿ 2. ಬೆಳೆದದ್ದು 6 ಇಂಚಿನ ಪಾಟ್‌ನಲ್ಲಿ, ಸಿಪ್ಪೆ ಚೂರು ಮತ್ತು ಇದ್ದಿಲಿನಲ್ಲಿ. ಪಾಟ್ ಬರುವುದಿಲ್ಲ. 75% ಶೇಡ್ ನೆಟ್ ಕೆಳಗಿನ ಗಿಡ, ನೇರ ಬಿಸಿಲು ಬೇಡ. ಮಕ್ಕಳು, ಸಾಕುಪ್ರಾಣಿಗಳು ಜಗಿಯದಂತೆ ನೋಡಿಕೊಳ್ಳಿ. ಹೂ ತೆಗೆದು, ಬೇರಿಗೆ ನಾರು ಸುತ್ತಿ, ಗಟ್ಟಿ ಬಾಕ್ಸ್‌ನಲ್ಲಿ ಸೋಮವಾರ, ಮಂಗಳವಾರ ಮಾತ್ರ ಕಳಿಸುತ್ತೇವೆ. ತೆರೆಯುವಾಗ ವಿಡಿಯೋ ಮಾಡಿ. ಬುಡ ಕೊಳೆತಿದ್ದರೆ, ಸುಳಿ ಮುರಿದಿದ್ದರೆ ಅದೇ ದಿನ ತಿಳಿಸಿ, ಬೇರೆ ಗಿಡ ಕೊಡುತ್ತೇವೆ."

ಸೋಮವಾರ, ಮಂಗಳವಾರ ಯಾಕೆಂದರೆ ಗುರುವಾರ ಹಾಕಿದ ಪಾರ್ಸೆಲ್ ಭಾನುವಾರ ಗೋಡೌನಿನಲ್ಲಿ ಕೂರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರು ಕಡೆಗೆ ಆರ್ಡರ್ ಬಂದರೆ ದುಡ್ಡು ತೆಗೆದುಕೊಳ್ಳದೆ, ಮಳೆ ಹಿಡಿದ ಮೇಲೆ ಕಳಿಸುತ್ತೇವೆ ಅಂತ ಹೇಳಿ.