ಹಳೆಯ ಗಾಡಿಯ ವಯಸ್ಸು

ಹಳೆಯ ಸೈಕಲ್ಲನ್ನು ಮಾರುವವರು ಅದರ ವಯಸ್ಸನ್ನು ವರ್ಷಗಳಲ್ಲಿ ಹೇಳುವುದು ಕಡಿಮೆ, ತಲೆಮಾರುಗಳಲ್ಲಿ ಹೇಳುವುದೇ ಹೆಚ್ಚು. ‘ತಾತನ ಕಾಲದ್ದು’ ಎಂದರೆ ಮಾತು ಮುಗಿಯಿತು. ಆ ತಾತ ಯಾವ ವಯಸ್ಸಿನಲ್ಲಿ ಅದನ್ನು ಕೊಂಡರು, ಕೊಂಡಾಗ ಅದು ಹೊಸದಾಗಿತ್ತೋ ಇನ್ನೊಬ್ಬರು ಓಡಿಸಿ ದಣಿಸಿದ್ದೋ ಎಂದು ಕೇಳುವುದು ಮರ್ಯಾದೆಯಲ್ಲ. ಮೋಟಾರ್‌ಸೈಕಲ್ಲಿಗಾದರೆ ಕಾಗದಪತ್ರ ಇರುತ್ತದೆ. ಆದರೆ ನೋಂದಣಿ ಪತ್ರ ಹೇಳುವುದು ಗಾಡಿ ಸರ್ಕಾರದ ಕಣ್ಣಿಗೆ ಬಿದ್ದ ದಿನವನ್ನೇ ಹೊರತು ಕಾರ್ಖಾನೆಯಿಂದ ಹೊರಬಿದ್ದ ದಿನವನ್ನಲ್ಲ. ಹಡಗಿನಲ್ಲಿ, ಗೋದಾಮಿನಲ್ಲಿ, ಅಂಗಡಿಯ ಗಾಜಿನ ಹಿಂದೆ ಕಳೆದ ತಿಂಗಳುಗಳ ಲೆಕ್ಕ ಅದರಲ್ಲಿ ಬರುವುದಿಲ್ಲ. ಹಾಗಾಗಿ ವಯಸ್ಸು ತಿಳಿಯಬೇಕಾದವರು ಮನುಷ್ಯರ ಮಾತನ್ನೂ ಕಾಗದವನ್ನೂ ಪಕ್ಕಕ್ಕಿಟ್ಟು ನೆಲದ ಮೇಲೆ ಕುಳಿತು ಕಬ್ಬಿಣವನ್ನೇ ಓದಬೇಕಾಗುತ್ತದೆ.

ಮೊದಲು ಎಲ್ಲರೂ ಹುಡುಕುವುದು ಫ್ರೇಮ್ ಸಂಖ್ಯೆಯನ್ನು. ಸೈಕಲ್ಲಿನಲ್ಲಿ ಅದು ಸೀಟಿನ ಕೊಳವೆಯ ತಲೆಯ ಬಳಿಯೋ, ಪೆಡಲಿನ ಅಚ್ಚು ಕೂರುವ ಗೂಡಿನ ತಳದಲ್ಲೋ, ಹಿಂದಿನ ಚಕ್ರದ ಅಚ್ಚನ್ನು ಹಿಡಿಯುವ ತಗಡಿನ ಮೇಲೋ ಇರುತ್ತದೆ. ಅದು ಕೈಗೆ ಸಿಕ್ಕ ಕ್ಷಣದ ಸಂತೋಷ ದೊಡ್ಡದು, ಆದರೆ ಬಹಳ ಹೊತ್ತು ನಿಲ್ಲುವಂಥದ್ದಲ್ಲ. ಸಂಖ್ಯೆ ಎನ್ನುವುದು ಕಾರ್ಖಾನೆಯ ದಫ್ತರಿನ ಜೊತೆ ಸೇರಿದಾಗ ಮಾತ್ರ ತಾರೀಖಾಗುತ್ತದೆ, ದಫ್ತರು ಕಳೆದುಹೋದರೆ ಅದು ಬರೀ ಅಂಕಿ. ನಾಟಿಂಗ್‌ಹ್ಯಾಮಿನ ರ‍್ಯಾಲಿ ಕಾರ್ಖಾನೆಯ ಹಳೆಯ ಸಂಖ್ಯೆಗಳ ಕಷ್ಟ ಇದೇ. ಲಕ್ಷಗಟ್ಟಲೆ ಸೈಕಲ್ಲುಗಳನ್ನು ಹೊರತಂದ ಆ ಕಂಪನಿಯ ಸಂಖ್ಯಾಸರಣಿಗಳು ನಡುನಡುವೆ ಹೊಸದಾಗಿ ಆರಂಭವಾಗಿವೆ, ಬೇರೆ ಬೇರೆ ಮಾದರಿಗಳಿಗೆ ಬೇರೆ ಬೇರೆಯಾಗಿ ನಡೆದಿವೆ. ಒಂದೇ ಅಂಕಿಗೆ ಎರಡು ಮೂರು ವರ್ಷಗಳು ಹೊಂದಿಕೆಯಾಗುವುದುಂಟು. ಸಂಖ್ಯೆಯೊಂದನ್ನೇ ನಂಬಿ ವರ್ಷ ಹೇಳುವವರ ಧೈರ್ಯವನ್ನು ಮೆಚ್ಚಬಹುದು, ಉತ್ತರವನ್ನಲ್ಲ.

ಅದೃಷ್ಟಕ್ಕೆ ಅಂಥ ಸೈಕಲ್ಲುಗಳಲ್ಲಿ ಬಹಳಷ್ಟು ಹಿಂದಿನ ಚಕ್ರದ ನಡುವೆ ಇನ್ನೊಂದು ಬರಹವನ್ನು ಹೊತ್ತಿರುತ್ತವೆ. ಮೂರು ಗೇರುಗಳ ಸ್ಟರ್ಮಿ ಆರ್ಚರ್ ಹಬ್ಬಿನ ಉಕ್ಕಿನ ಕವಚದ ಮೇಲೆ ಮಾದರಿಯ ಹೆಸರಿನ ಜೊತೆ ತಯಾರಾದ ಕಾಲವನ್ನೂ ಒತ್ತಿರುತ್ತಿದ್ದರು. ಎಡಬ್ಲ್ಯು ಎನ್ನುವ, 1936ರಲ್ಲಿ ಬಂದು ದಶಕಗಳ ಕಾಲ ಹೆಚ್ಚು ಬದಲಾಗದೆ ಉಳಿದ ಮಾದರಿಯಲ್ಲಿ, ಜಿಡ್ಡನ್ನು ಸೀಮೆಎಣ್ಣೆಯಿಂದ ಒರೆಸಿದರೆ ‘51’ ಎಂದೂ ‘9’ ಎಂದೂ ಕಾಣಬಹುದು. ಮೊದಲನೆಯದು ವರ್ಷ, ಎರಡನೆಯದು ತಿಂಗಳು. ಅಂದರೆ 1951ರ ಸೆಪ್ಟೆಂಬರ್. 1930ರ ದಶಕದ ಹಬ್ಬುಗಳಲ್ಲಿ ವರ್ಷಕ್ಕೆ ಒಂದೇ ಅಂಕಿ ಇರುವುದೂ ಉಂಟು, ಆಗ ‘7’ ಎಂದರೆ 1937. ಮುಂದಿನ ಚಕ್ರದಲ್ಲಿ ದೀಪಕ್ಕೆ ವಿದ್ಯುತ್ ಕೊಡುವ ಅದೇ ಕಂಪನಿಯ ಡೈನೋಹಬ್ ಇದ್ದರೆ ಅದರ ಮೇಲೂ ಇಂಥದೇ ಗುರುತು ಇರುತ್ತದೆ. ಹಿಂದಿನದು 1951ರ ಸೆಪ್ಟೆಂಬರ್, ಮುಂದಿನದು 1951ರ ಆಗಸ್ಟ್ ಎಂದು ಹೇಳಿದರೆ, ಒಬ್ಬರನ್ನೊಬ್ಬರು ಕಾಣದ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದ ಹಾಗೆ.

ಆದರೂ ಆ ಮಾತು ಹಬ್ಬಿನ ಜನ್ಮದಿನವೇ ಹೊರತು ಸೈಕಲ್ಲಿನದಲ್ಲ. ಸೆಪ್ಟೆಂಬರಿನಲ್ಲಿ ತಯಾರಾದ ಹಬ್ಬಿಗೆ ಕಡ್ಡಿ ಹೆಣೆದು, ಚಕ್ರ ಮಾಡಿ, ಸೈಕಲ್ಲಿಗೆ ಜೋಡಿಸುವ ಹೊತ್ತಿಗೆ ಕೆಲವು ವಾರಗಳೋ ತಿಂಗಳುಗಳೋ ಕಳೆದಿರುತ್ತವೆ. ಆದ್ದರಿಂದ ಹಬ್ಬು ನಿಜವಾಗಿ ಹೇಳುವುದು ‘ಈ ಸೈಕಲ್ಲು ನನಗಿಂತ ಹಿರಿಯದಲ್ಲ’ ಎಂದಷ್ಟೇ, ಅದೂ ತಾನು ಮೊದಲಿನಿಂದಲೂ ಅಲ್ಲೇ ಇದ್ದರೆ. ಚಕ್ರ ಬಾಗಿ ಬದಲಾಯಿಸಿದ್ದರೆ ಆ ಮಾತೂ ಬಿದ್ದುಹೋಗುತ್ತದೆ. ಇಡೀ ವಿದ್ಯೆಯ ಸೂತ್ರ ಇಲ್ಲಿದೆ ಎಂದು ನನ್ನ ಅಭಿಪ್ರಾಯ: ಗಾಡಿಯ ಜೊತೆಯಲ್ಲೇ ಬಂದ ಭಾಗಗಳಲ್ಲಿ ಎಲ್ಲಕ್ಕಿಂತ ಕಿರಿಯದು ಯಾವುದೋ ಅದಕ್ಕಿಂತ ಮೊದಲು ಗಾಡಿ ಹುಟ್ಟಿರಲಾರದು. ಸೂತ್ರ ಸುಲಭ, ಜೊತೆಯಲ್ಲೇ ಬಂದದ್ದು ಯಾವುದು, ಆಮೇಲೆ ಬಂದು ಸೇರಿಕೊಂಡದ್ದು ಯಾವುದು ಎಂದು ಬೇರ್ಪಡಿಸುವುದರಲ್ಲೇ ಸಂಜೆಗಳು ಕಳೆಯುತ್ತವೆ.

ಮೋಟಾರ್‌ಸೈಕಲ್ಲುಗಳಲ್ಲಿ ಸಂಖ್ಯೆ ಇಷ್ಟು ಮೂಕವಲ್ಲ. ಬ್ರಿಟನ್ನಿನ ಟ್ರಯಂಫ್ ಮತ್ತು ಬಿಎಸ್ಎ, 1951ರಿಂದ ಒಂದೇ ಒಡೆತನದಲ್ಲಿದ್ದ ಈ ಎರಡು ಹೆಸರುಗಳು, 1969ರ ಮಾದರಿಗಳಿಂದ ಸಂಖ್ಯೆಯ ಮುಂದೆ ಎರಡು ಅಕ್ಷರಗಳನ್ನು ಒತ್ತತೊಡಗಿದವು. ಮೊದಲನೆಯ ಅಕ್ಷರ ತಿಂಗಳು, ಎರಡನೆಯದು ವರ್ಷ. ಇಂಗ್ಲಿಷ್ ವರ್ಣಮಾಲೆಯ ಎಲ್ಲ ಅಕ್ಷರಗಳನ್ನೂ ಬಳಸದೆ ಹನ್ನೆರಡನ್ನು ಮಾತ್ರ ಆರಿಸಿಕೊಂಡರು: ಎ, ಬಿ, ಸಿ, ಡಿ, ಇ, ಜಿ, ಎಚ್, ಜೆ, ಕೆ, ಎನ್, ಪಿ, ಎಕ್ಸ್. ತಿಂಗಳಿಗೆ ಎ ಎಂದರೆ ಜನವರಿ, ಎಕ್ಸ್ ಎಂದರೆ ಡಿಸೆಂಬರ್. ವರ್ಷಕ್ಕೆ ಸಿ ಎಂದರೆ 1969, ಡಿ ಎಂದರೆ 1970, ಇ ಎಂದರೆ 1971, ಎಫ್ ಇಲ್ಲದ್ದರಿಂದ 1972ಕ್ಕೆ ಜಿ. ಒಂದೇ ಹನ್ನೆರಡು ಅಕ್ಷರಗಳಿಗೆ ಎರಡೂ ಕೆಲಸ ಕೊಟ್ಟ ಮಿತವ್ಯಯವನ್ನು ನೋಡಿದರೆ, ಅದನ್ನು ಯೋಚಿಸಿದವರು ಲೆಕ್ಕಪತ್ರದ ವಿಭಾಗದವರೇ ಇರಬೇಕು ಎನ್ನಿಸುತ್ತದೆ.

ಈಗ ಎಂಜಿನ್ನಿನ ಮೇಲೆ ‘ಎಕ್ಸ್ ಡಿ’ ಎಂದು ಒತ್ತಿದ, 650 ಸಿಸಿಯ ಒಂದು ಟ್ರಯಂಫ್ ಬಾನವಿಲ್ ನಮ್ಮ ಮುಂದಿದೆ ಎನ್ನೋಣ. ಎಕ್ಸ್ ಡಿಸೆಂಬರ್, ಡಿ 1970. ಹಾಗಾದರೆ 1970ರ ಡಿಸೆಂಬರ್ ಎಂದು ಓದಿಬಿಡುವುದು ಸಹಜ. ಆದರೆ ಎರಡನೆಯ ಅಕ್ಷರ ಪಂಚಾಂಗದ ವರ್ಷವಲ್ಲ, ಮಾರಾಟದ ಹಂಗಾಮಿನ ವರ್ಷ. ಮೆರಿಡನ್ನಿನ ಟ್ರಯಂಫ್ ಕಾರ್ಖಾನೆ ಬೇಸಿಗೆಯ ರಜೆ ಮುಗಿಸಿ ಬಾಗಿಲು ತೆರೆದಾಗ ಮುಂದಿನ ವರ್ಷದ ಮಾದರಿಯನ್ನು ಕೈಗೆತ್ತಿಕೊಳ್ಳುತ್ತಿತ್ತು. 1970ರ ಹಂಗಾಮಿನೊಳಗೆ ಬರುವ ಡಿಸೆಂಬರ್ ಎಂದರೆ 1969ರ ಡಿಸೆಂಬರ್. ಈ ಗಾಡಿ ಹಡಗು ಹತ್ತಿ, ಇಳಿದು, 1970ರ ಬೇಸಿಗೆಯಲ್ಲಿ ನೋಂದಣಿಯಾಗಿದ್ದರೆ ಮಾಲೀಕರು ಅದನ್ನು 1970ರದ್ದು ಎನ್ನುತ್ತಾರೆ, ಕಬ್ಬಿಣ 1969 ಎನ್ನುತ್ತದೆ, ಮಾದರಿಯ ದೃಷ್ಟಿಯಿಂದ ಮಾಲೀಕರೇ ಸರಿ. ಇದರ ಮೇಲೆ ನಡೆಯುವ ವಾದಗಳು ಎಷ್ಟು ಬಿಸಿಯಾಗಿರುತ್ತವೆ ಎಂಬುದನ್ನು ನೋಡದವರು ನಂಬಲಾರರು.

ಅಕ್ಷರಗಳನ್ನು ಓದಿದ ಮೇಲೆ ಅವುಗಳ ಕೆಳಗಿನ ಲೋಹವನ್ನೂ ನೋಡಬೇಕು. ಆ ಕಾಲದ ಟ್ರಯಂಫ್ ಎಂಜಿನ್ನಿನಲ್ಲಿ ಸಂಖ್ಯೆ ಒತ್ತುವ ಉಬ್ಬು ಪಟ್ಟಿಯ ಮೇಲೆ ಕಂಪನಿಯ ಹೆಸರನ್ನು ಪುಟ್ಟದಾಗಿ ಸಾಲುಸಾಲಾಗಿ ಮೂಡಿಸಿ, ಅದರ ಮೇಲೆ ಸಂಖ್ಯೆಯನ್ನು ಒತ್ತುತ್ತಿದ್ದರು. ಹಳೆಯ ಸಂಖ್ಯೆಯನ್ನು ಅರದಿಂದ ಉಜ್ಜಿ ಹೊಸದನ್ನು ಕುಟ್ಟಿದರೆ ಆ ಪುಟ್ಟ ಹೆಸರುಗಳೂ ಅಳಿಸಿಹೋಗುತ್ತವೆ, ಪಟ್ಟಿ ನುಣುಪಾಗಿ ಸ್ವಲ್ಪ ತಗ್ಗುತ್ತದೆ. ಅಂಕಿಗಳು ಅಂಕುಡೊಂಕಾಗಿವೆ ಎಂಬ ಒಂದೇ ಕಾರಣಕ್ಕೆ ಸಂಶಯಪಡಬೇಕಿಲ್ಲ. ಕಾರ್ಖಾನೆಯಲ್ಲೂ ಅವು ಯಾವಾಗಲೂ ನೆಟ್ಟಗೆ ಕೂತಿರಲಿಲ್ಲ. ಸಂಖ್ಯೆಯೇ ಇಲ್ಲದ ಖಾಲಿ ಪಟ್ಟಿಯೂ ಕಳ್ಳತನದ ಗುರುತೇ ಆಗಬೇಕಿಲ್ಲ, ಒಡೆದ ಕ್ರ್ಯಾಂಕ್‌ಕೇಸಿಗೆ, ಅಂದರೆ ಎಂಜಿನ್ನಿನ ತಳದ ಕವಚಕ್ಕೆ, ಬದಲಾಗಿ ಹೊಸದು ಬಂದಾಗಲೂ ಹಾಗಿರಬಹುದು. ನೋಡಬೇಕಾದದ್ದು ಎಂಜಿನ್ನಿನ ಸಂಖ್ಯೆಯೂ ಹ್ಯಾಂಡಲ್ಲಿನ ಬುಡದಲ್ಲಿರುವ ಫ್ರೇಮಿನ ಸಂಖ್ಯೆಯೂ ಒಂದೇ ಆಗಿವೆಯೇ ಎಂಬುದನ್ನು. ಈ ಅಕ್ಷರಗಳ ಕಾಲದಲ್ಲಿ ಎರಡೂ ಹೊಂದಿಕೊಂಡೇ ಹೊರಬರುತ್ತಿದ್ದವು.

ಹೊಂದಿಕೊಳ್ಳದಿದ್ದರೆ ಆಕಾರವೇ ಎಷ್ಟೋ ಸಲ ಗುಟ್ಟು ಬಿಟ್ಟುಕೊಡುತ್ತದೆ. ‘ಎಕ್ಸ್ ಡಿ’ ಎಂಜಿನ್ನು ಕೂತಿರುವ ಫ್ರೇಮಿನಲ್ಲಿ ಎಣ್ಣೆಗೆ ಬೇರೆ ಟ್ಯಾಂಕ್ ಇಲ್ಲದೆ, ನಡುವಿನ ದಪ್ಪ ಕೊಳವೆಯೊಳಗೇ ಎಣ್ಣೆ ತುಂಬುವ ಏರ್ಪಾಡಿದ್ದರೆ ಆ ಫ್ರೇಮ್ 1971ರ ಮಾದರಿಯದ್ದೋ ಆಮೇಲಿನದ್ದೋ; ಎಂಜಿನ್ನು ಬೇರೆ ಮನೆಯಿಂದ ಬಂದದ್ದು. ಶಂಕುವಿನಾಕಾರದ ಹಬ್ಬಿನ ಮುಂದಿನ ಚಕ್ರವೂ 1971ರಿಂದಲೇ. ಇದಕ್ಕಿಂತ ಸೂಕ್ಷ್ಮವಾಗಿ ಮಾತಾಡುವುದು ಲ್ಯೂಕಸ್ ಕಂಪನಿಯ ವಿದ್ಯುತ್ ಭಾಗಗಳು. ಅವುಗಳ ಹಲವದರ ಮೇಲೆ ತಿಂಗಳು ಮೊದಲು, ವರ್ಷ ಆಮೇಲೆ ಎಂಬಂತೆ ಸಣ್ಣ ಅಂಕಿಗಳಿರುತ್ತವೆ. ಆಲ್ಟರ್ನೇಟರಿನ ಮೇಲೆ ‘10 69’ ಎಂದಿದ್ದರೆ ಡಿಸೆಂಬರಿನ ಗಾಡಿಗೆ ಅದು ಸರಿಯಾದ ಜೊತೆ, ಒಂದೆರಡು ತಿಂಗಳು ಮುಂಚೆ ತಯಾರಾಗಿ ಬಂದಿದೆ. ಹಾರ್ನಿನ ಮೇಲೆ ‘6 71’ ಎಂದಿದ್ದರೆ ಹಾರ್ನ್ ಬದಲಾಗಿದೆ, ಅಷ್ಟೇ. ಅದರಿಂದ ಗಾಡಿಯ ವಯಸ್ಸು ಕಡಿಮೆಯಾಗುವುದಿಲ್ಲ. ಆದರೆ ನಾಲ್ಕೈದು ಭಾಗಗಳು ಒಟ್ಟಾಗಿ 1971 ಎಂದು ಹೇಳತೊಡಗಿದರೆ, ಪಟ್ಟಿಯ ಮೇಲಿನ ಅಕ್ಷರಗಳನ್ನು ಇನ್ನೊಮ್ಮೆ ಭೂತಗನ್ನಡಿ ಹಿಡಿದು ನೋಡುವುದು ಒಳ್ಳೆಯದು.

ಯಾವುದು ಜೊತೆಯಲ್ಲೇ ಬಂದದ್ದು ಎಂಬ ಪ್ರಶ್ನೆಗೆ ಕೊನೆಯ ತೀರ್ಪು ಕೊಡುವುದು ಹೆಚ್ಚಾಗಿ ಬಣ್ಣ. ಬಾನವಿಲ್‌ನ ಟ್ಯಾಂಕಿಗೆ 1970ರ ಹಂಗಾಮಿನಲ್ಲಿ ಆಸ್ಟ್ರಲ್ ರೆಡ್ ಎಂಬ ಕೆಂಪು ಮತ್ತು ಬೆಳ್ಳಿ ಬಣ್ಣ, 1971ರಲ್ಲಿ ಟೈಗರ್ ಗೋಲ್ಡ್ ಮತ್ತು ಕಪ್ಪು. ಮೇಲೆ ಯಾವ ಬಣ್ಣವಿದೆ ಎಂಬುದು ಮುಖ್ಯವಲ್ಲ, ಅದನ್ನು ಯಾರು ಬೇಕಾದರೂ ಬಳಿಯಬಹುದು. ಟ್ಯಾಂಕನ್ನು ಇಳಿಸಿ ತಳವನ್ನು ನೋಡಬೇಕು, ಹೆಸರಿನ ಬಿಲ್ಲೆ ಬಿಚ್ಚಿ ಅದರ ಹಿಂದೆ ನೋಡಬೇಕು. ಬಿಸಿಲು ಕಾಣದ ಆ ಜಾಗಗಳಲ್ಲಿ ಕಾರ್ಖಾನೆಯ ಬಣ್ಣ ತನ್ನ ಮೊದಲ ಹೊಳಪಿನಲ್ಲೇ ಉಳಿದಿರುತ್ತದೆ. ಅಲ್ಲೂ ಸಿಗದಿದ್ದರೆ ಮರೆಯಾದ ಒಂದು ಮೂಲೆಯಲ್ಲಿ, ಉಗುರಿನಗಲ ಮಾತ್ರ, ನೀರು ಹಾಕಿ ನಯವಾದ ಉಜ್ಜುಕಾಗದದಿಂದ ಮೆಲ್ಲಗೆ ಉಜ್ಜಿದರೆ ಪದರಗಳು ಒಂದರೊಳಗೊಂದು ಬಳೆಗಳಂತೆ ತೆರೆದುಕೊಳ್ಳುತ್ತವೆ; ಲೋಹಕ್ಕೆ ಅಂಟಿದ ಅಸ್ತರಿನ ಮೇಲಿನ ಮೊದಲ ಬಣ್ಣವೇ ಹುಟ್ಟುಬಣ್ಣ.

ಸೈಕಲ್ಲಿನಲ್ಲೂ ಇದೇ ಕ್ರಮ. ಸೀಟಿನ ಪಟ್ಟಿಯ ಅಡಿ, ದೀಪದ ಹಿಡಿಕೆಯ ಹಿಂದೆ, ಪೆಡಲ್ ಗೂಡಿನ ತಳ ನೋಡಬೇಕು. ಫ್ರೇಮ್ ಸಂಖ್ಯೆಯ ಅಂಕಿಗಳೊಳಗೆ ಬಣ್ಣ ದಪ್ಪಗೆ ತುಂಬಿಕೊಂಡು ಅಂಚುಗಳು ಮೊಂಡಾಗಿದ್ದರೆ, ಮುಂದಿನ ಬಿಲ್ಲೆಯ ರಿವೆಟ್ಟುಗಳ ಮೇಲೂ ಬಣ್ಣ ಹರಿದಿದ್ದರೆ, ಮತ್ತೆ ಬಳಿದದ್ದು ಖಚಿತ. ಕೈಕುಂಚದಿಂದ ಎಳೆದ ಚಿನ್ನದ ಗೆರೆ ಆರಂಭವಾಗುವಲ್ಲಿ ಕೊಂಚ ದಪ್ಪ, ಮುಗಿಯುವಲ್ಲಿ ಕೊಂಚ ತೆಳು. ಅಂಟುಪಟ್ಟಿ ಹಚ್ಚಿ ಬಳಿದ ಹೊಸ ಗೆರೆಯಲ್ಲಿ ಈ ಏರಿಳಿತ ಕಾಣುವುದಿಲ್ಲ. ಲೋಹದ ಲೇಪವೂ ಕಾಲ ಹೇಳುತ್ತದೆ: ತುಸು ಹಳದಿ ಬೆರೆತ ಬೆಚ್ಚನೆಯ ಹೊಳಪಿದ್ದರೆ ನಿಕ್ಕಲ್, ನೀಲಿ ಛಾಯೆಯ ತಣ್ಣನೆಯ ಹೊಳಪಿದ್ದರೆ ಕ್ರೋಮ್. ಕ್ರೋಮ್ ಬಳಕೆಗೆ ಬಂದದ್ದು 1920ರ ದಶಕದ ಕೊನೆಯಲ್ಲಿ, ಹಾಗಾಗಿ ಮೂಲದ ಕ್ರೋಮ್ ಹೊತ್ತ ಸೈಕಲ್ಲು ಮೊದಲನೆಯ ಮಹಾಯುದ್ಧದ ಕಾಲದ್ದು ಎಂದರೆ ಒಪ್ಪುವುದು ಕಷ್ಟ. ಇಲ್ಲೊಂದು ಅಪವಾದವನ್ನು ಮರೆಯಬಾರದು. ಹ್ಯಾಂಡಲ್ಲಿಗೂ ಹಲ್ಲಿನ ಚಕ್ರಕ್ಕೂ ಕಪ್ಪು ಬಣ್ಣ ಇದೆಯೆಂದು ಕೂಡಲೇ ಯಾರೋ ಬಳಿದಿದ್ದಾರೆ ಎಂದುಕೊಂಡು ಕೆರೆಯಲು ಹೊರಡಬಾರದು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಬ್ರಿಟಿಷ್ ಕಾರ್ಖಾನೆಗಳು ಲೇಪ ಬಿಟ್ಟು ಹೊಳೆಯುವ ಭಾಗಗಳಿಗೂ ಕಪ್ಪು ಬಳಿದೇ ಸೈಕಲ್ಲುಗಳನ್ನು ಕಳಿಸಿದ್ದುಂಟು. ಆ ಕಪ್ಪಿನ ಕೆಳಗೆ ಹಳೆಯ ಲೇಪವಿಲ್ಲದೆ ನೇರವಾಗಿ ಉಕ್ಕೇ ಇದ್ದರೆ, ಅಂದಗೆಟ್ಟದ್ದು ಎಂದುಕೊಂಡದ್ದೇ ಆ ಸೈಕಲ್ಲಿನ ಅತ್ಯುತ್ತಮ ತಾರೀಖಾಗಿಬಿಡುತ್ತದೆ.

ಇಷ್ಟೆಲ್ಲ ಸಾಕ್ಷ್ಯವನ್ನು ಒಂದು ಮಧ್ಯಾಹ್ನದಲ್ಲಿ ಇಲ್ಲವಾಗಿಸುವ ಯಂತ್ರವೂ ಇದೆ. ಮರಳು ಚಿಮ್ಮಿಸಿ ಬಣ್ಣ ತೆಗೆದು, ಪುಡಿಬಣ್ಣ ಬಳಿದು ಬೇಯಿಸುವ ಅಂಗಡಿಗಳಲ್ಲಿ ಅದನ್ನು ಇಟ್ಟಿರುತ್ತಾರೆ. ಅಲ್ಲಿಂದ ಫ್ರೇಮ್ ಮದುಮಗನಂತೆ ಮರಳುತ್ತದೆ, ಪದರಗಳು ಹೋಗಿರುತ್ತವೆ, ಆಳವಿಲ್ಲದ ಅಂಕಿಗಳು ದಪ್ಪ ಬಣ್ಣದಡಿ ಮುಳುಗಿರುತ್ತವೆ. ಕಳಿಸಲೇಬೇಕಾದರೆ, ಅದಕ್ಕೆ ಮುನ್ನ ಸಂಖ್ಯೆಯ ಮೇಲೆ ತೆಳುವಾದ ಕಾಗದ ಒತ್ತಿ ಪೆನ್ಸಿಲ್ಲಿನ ಸೀಸವನ್ನು ಅಡ್ಡಲಾಗಿ ಉಜ್ಜಿ ಅಚ್ಚು ತೆಗೆದುಕೊಳ್ಳಬೇಕು, ಗೆರೆಗಳ ಅಗಲವನ್ನೂ ಬಿಲ್ಲೆಯ ತೂತುಗಳ ಅಂತರವನ್ನೂ ಅಳೆದು ಬರೆದುಕೊಳ್ಳಬೇಕು, ಮತ್ತು ಸಂಖ್ಯೆಯ ಜಾಗಕ್ಕೆ ಬಿಸಿ ತಡೆಯುವ ಪಟ್ಟಿ ಅಂಟಿಸಿ, ಅಲ್ಲಿ ಬರೀ ತೆಳುವಾದ ಬಣ್ಣ ಸಾಕೆಂದು ಅಂಗಡಿಯವರಿಗೆ ಎರಡು ಸಲ ಹೇಳಬೇಕು.