"ಸ್ಟಾಕ್ ಮ್ಯಾಚ್ ಆಗ್ತಿಲ್ಲ" ಅಂತ ಬರೆದರೆ ಟಿಕೆಟ್ ಮುಚ್ಚಿಬಿಡ್ತಾರೆ

ಪುಣೆಯ ಚಾಕಣ, ಭೋಸರಿ ಕಡೆಯ ಗೋದಾಮುಗಳಲ್ಲಿ ನಮ್ಮ ವಿಜಯಪುರ, ಕಲಬುರಗಿ ಕಡೆಯ ಜನ ಬಹಳ ಇದ್ದಾರೆ. ಅವರಲ್ಲಿ ಒಬ್ಬ ಸೂಪರ್‌ವೈಸರ್ ಇಆರ್‌ಪಿ, ಅಂದರೆ ಸ್ಟಾಕ್, ಖರೀದಿ, ಬಿಲ್ಲು ಎಲ್ಲದರ ಲೆಕ್ಕ ಇಡುವ ಸಾಫ್ಟ್‌ವೇರ್‌ನ ಹೆಲ್ಪ್‌ಡೆಸ್ಕ್‌ಗೆ ಬರೆದ ದೂರಿನ ಮೇಲ್ ಬಗ್ಗೆ ಇವತ್ತು ಬರೆಯುತ್ತಿದ್ದೇನೆ. ಅವರ ಕಂಪನಿ ಯಾವುದು ಅಂತ ಕೇಳಬೇಡಿ. ನನ್ನದೂ ಇಆರ್‌ಪಿ ಸಪೋರ್ಟ್ ಕೆಲಸವೇ, ಬೇರೆ ಕಡೆ. ಆದ್ದರಿಂದ ಅವರ ಸಿಟ್ಟೂ ನನಗೆ ಗೊತ್ತು, ಆ ಕಡೆ ಕೂತವರ ಆತುರವೂ ಗೊತ್ತು.

ಅವರ ಮೊದಲ ಮೇಲ್ ಎರಡೇ ಸಾಲು. "ಬೇರಿಂಗ್ ಸ್ಟಾಕ್ ಮ್ಯಾಚ್ ಆಗುತ್ತಿಲ್ಲ. ಸಿಸ್ಟಮ್ ಪ್ರಾಬ್ಲಮ್ ಇದೆ, ಅರ್ಜೆಂಟ್ ಸರಿ ಮಾಡಿ." ಹೆಲ್ಪ್‌ಡೆಸ್ಕ್‌ನವರು ವಿವರ ಕೇಳಿದರು. ಇವರು ತಪ್ಪಾಗಿ ಬಿದ್ದಿದ್ದ ಗೂಡ್ಸ್ ರಿಸೀಟ್‌ನ, ಅಂದರೆ ಮಾಲು ಬಂತು ಅನ್ನುವ ಎಂಟ್ರಿಯ, ನಂಬರ್ ಕಳಿಸಿ "ಇದನ್ನು ಕ್ಯಾನ್ಸಲ್ ಮಾಡಿ" ಅಂದರು. ಅವರು ಪ್ರಯತ್ನಿಸಿದರು, ಸ್ಕ್ರೀನ್ ಮೇಲೆ ಈ ಸಾಲು ಬಂತು:

```
Deficit of SL Unrestricted-use 40 EA
```

ಅಂದರೆ ಹಿಂದಕ್ಕೆ ತೆಗೆಯಲು 40 ನಗ ಕಡಿಮೆ ಬೀಳುತ್ತಿದೆ ಅಂತ. "ಸಾಕಷ್ಟು ಸ್ಟಾಕ್ ಇಲ್ಲ, ರಿವರ್ಸ್ ಆಗುವುದಿಲ್ಲ" ಅಂತ ಉತ್ತರ ಬರೆದು ಟಿಕೆಟ್ ಮುಚ್ಚಿದರು. ಸೂಪರ್‌ವೈಸರ್ ಫೋನ್ ಮಾಡಿ, "ಮಾಲು ನನ್ನ ಕಣ್ಣೆದುರಿಗೇ ಐತ್ರಿ ಸರ್ರ, ಇವರು ಇಲ್ಲ ಅಂತಾರಲ್ಲ" ಅಂದರು.

ಇಬ್ಬರ ಮಾತೂ ನಿಜ. ಅಲ್ಲೇ ಇರುವುದು ಮಜಾ.

ನಡೆದದ್ದು ಇಷ್ಟು. ಒಂದೇ ಪರ್ಚೇಸ್ ಆರ್ಡರ್, ಅದರಲ್ಲಿ ಎರಡು ಸಾಲು. 10ನೇ ಸಾಲು 6205 ZZ ಬೇರಿಂಗ್, 500 ನಗ. 20ನೇ ಸಾಲು 6205 2RS, 300 ನಗ. ಎರಡರ ಅಳತೆಯೂ ಒಂದೇ: ಒಳವ್ಯಾಸ 25 ಮಿ.ಮೀ., ಹೊರವ್ಯಾಸ 52, ದಪ್ಪ 15. ವ್ಯತ್ಯಾಸ ಮುಚ್ಚಳದ್ದು. ZZ ಅಂದರೆ ಎರಡೂ ಕಡೆ ಲೋಹದ ತಗಡು, 2RS ಅಂದರೆ ಎರಡೂ ಕಡೆ ರಬ್ಬರ್ ಸೀಲ್. ಡಬ್ಬಿ ಬಿಚ್ಚಿದರೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಆದರೆ ಎಂಟ್ರಿ ಮಾಡುವವನ ಮುಂದೆ ಇರುವುದು ಡಬ್ಬಿ ಅಲ್ಲ, ಸ್ಕ್ರೀನ್.

ಆ ದಿನ ಲಾರಿಯಲ್ಲಿ ಬಂದದ್ದು 2RS ಮಾತ್ರ, 300 ನಗ. ಕ್ಲರ್ಕ್ ಮಾಲಿನ ಎಂಟ್ರಿ ಮಾಡುವ MIGO ಸ್ಕ್ರೀನ್ ತೆರೆದು ಪರ್ಚೇಸ್ ಆರ್ಡರಿನ, ಅಂದರೆ ಪಿಒದ, ನಂಬರ್ ಹಾಕಿದ. ಬಾಕಿ ಇರುವ ಎರಡೂ ಸಾಲು ಬಂದವು. ಅವನು 10ನೇ ಸಾಲಿಗೆ 300 ಬರೆದು, ಅದಕ್ಕೇ ಟಿಕ್ ಹಾಕಿ, ಪೋಸ್ಟ್ ಮಾಡಿದ. ಆ ಸಾಲಿನಲ್ಲಿ 500 ಬಾಕಿ ಇತ್ತಲ್ಲ, 300ಕ್ಕೆ ಸಿಸ್ಟಮ್ ಯಾಕೆ ತಕರಾರು ಮಾಡುತ್ತದೆ? ಆರ್ಡರ್‌ಗಿಂತ ಜಾಸ್ತಿ ಬಂದರೆ ತಡೆಯುವುದು ಅದಕ್ಕೆ ಗೊತ್ತು. ಡಬ್ಬಿಯೊಳಗೆ ರಬ್ಬರ್ ಇದೆಯೋ ತಗಡು ಇದೆಯೋ ಅದು ನೋಡುವುದಿಲ್ಲ.

ಮೊದಲು ರ‍್ಯಾಕ್‌ನಲ್ಲಿ ZZ 120, 2RS 40 ಇದ್ದವು, ಸಿಸ್ಟಮ್‌ನಲ್ಲೂ ಅಷ್ಟೇ. ಈ ಎಂಟ್ರಿ ಆದ ಮೇಲೆ ಸಿಸ್ಟಮ್‌ನಲ್ಲಿ ZZ 420, 2RS 40. ರ‍್ಯಾಕ್‌ನಲ್ಲಿ ZZ 120, 2RS 340. ಅವತ್ತೇ ಹಿಡಿದಿದ್ದರೆ MIGOದಲ್ಲಿ ಕ್ಯಾನ್ಸಲೇಶನ್ ಆರಿಸಿ, ಮಟೀರಿಯಲ್ ಡಾಕ್ಯುಮೆಂಟ್ ನಂಬರ್ ಮತ್ತು ವರ್ಷ ಕೊಟ್ಟರೆ ರಿಸೀಟ್‌ನ ಮೂವ್‌ಮೆಂಟ್ ನಂಬರ್ 101ರ ಎದುರಿಗೆ ಅದನ್ನು ರದ್ದು ಮಾಡುವ 102 ಬಿದ್ದು ಐದು ನಿಮಿಷದಲ್ಲಿ ಕಥೆ ಮುಗಿಯುತ್ತಿತ್ತು.

ಅವತ್ತು ಹಿಡಿಯಲಿಲ್ಲ. ಮಧ್ಯೆ ಎರಡು ಕೆಲಸ ಆದವು. ಪ್ರೊಡಕ್ಷನ್‌ನವರು ZZ 60 ಒಯ್ದರು. ಅದು ಸರಿಯಾಗಿಯೇ 261ರಲ್ಲಿ ಇಶ್ಯೂ ಆಯಿತು. ಆಮೇಲೆ ಅವರಿಗೆ 2RS 100 ಬೇಕಾಯಿತು. ಮಾಲು ಇದೆ, ಸಿಸ್ಟಮ್‌ನಲ್ಲಿ ಇರುವುದು ಬರೀ 40. ಇಶ್ಯೂ ಆಗಲೊಲ್ಲದು. ಲೈನ್ ನಿಲ್ಲಬಾರದು ಅಂತ ಸ್ಟೋರ್‌ನಲ್ಲಿ ಯಾರೋ ಜಾಣರು 2RS 100 ಕೈಗೆ ಕೊಟ್ಟು, ಎಂಟ್ರಿಯನ್ನು ZZ ಕೋಡ್‌ನಲ್ಲಿ ಹಾಕಿದರು. ಸಿಸ್ಟಮ್ ಸಂತೋಷದಿಂದ ತೆಗೆದುಕೊಂಡಿತು, ಅಲ್ಲಿ 360 ಬಿದ್ದಿತ್ತಲ್ಲ.

ಈಗ ಲೆಕ್ಕ ನೋಡಿ. ಸಿಸ್ಟಮ್‌ನಲ್ಲಿ ZZ 420ರಲ್ಲಿ 160 ಹೋಗಿ 260. 2RS ಹಾಗೇ 40. ರ‍್ಯಾಕ್‌ನಲ್ಲಿ ಎಣಿಸಿದರೆ ZZ 60, 2RS 240. ಹೆಲ್ಪ್‌ಡೆಸ್ಕ್‌ನವರು 300 ವಾಪಸ್ ತೆಗೆಯಲು ಹೋದರು, ಪುಸ್ತಕದಲ್ಲಿ 260 ಇತ್ತು, 40 ಕಡಿಮೆ ಬಿತ್ತು. ಎರರ್ ಸುಳ್ಳು ಹೇಳಲಿಲ್ಲ. ಆದರೆ ಆ ಎರರ್ ಓದಿ ಟಿಕೆಟ್ ಮುಚ್ಚಿದ್ದು ಮಾತ್ರ ಸೋಮಾರಿತನ. ನಾನೂ ಅದೇ ಕೆಲಸದವನು, ಆದರೂ ಹೇಳುತ್ತೇನೆ. ರಿವರ್ಸ್ ಆಗಲಿಲ್ಲ ಅಂದರೆ ಆ ರಿಸೀಟ್ ಆದ ಮೇಲೆ ಆ ಕೋಡ್‌ನಲ್ಲಿ ಏನೇನು ಆಗಿದೆ ಅಂತ MB51 ತೆಗೆದು ನೋಡಬೇಕು. ಅಲ್ಲಿ ಎಲ್ಲ ಇತ್ತು: ಒಂದು 101, ಎರಡು 261.

ಇನ್ನೊಂದು ಗುರುತು ಸೂಪರ್‌ವೈಸರ್ ಕೈಯಲ್ಲೇ ಇತ್ತು. ಎರಡೂ ಕೋಡ್ ಕೂಡಿಸಿ. ಸಿಸ್ಟಮ್‌ನಲ್ಲಿ 260 ಮತ್ತು 40, ಒಟ್ಟು 300. ರ‍್ಯಾಕ್‌ನಲ್ಲಿ 60 ಮತ್ತು 240, ಅದೂ 300. ಒಂದು ಕೋಡ್‌ನಲ್ಲಿ ಎಷ್ಟು ಕಡಿಮೆಯೋ ಅದರ ಜೋಡಿಯಲ್ಲಿ ಅಷ್ಟೇ ಜಾಸ್ತಿ ಇದ್ದರೆ ಮೊದಲು ಅನುಮಾನ ಪಡಬೇಕಾದ್ದು ಕೋಡ್ ಅದಲುಬದಲು. ಕಳವಾಗಿದ್ದರೆ, ಎಣಿಕೆ ತಪ್ಪಿದ್ದರೆ ಹೀಗೆ ಕೂಡಿ ಬರುವುದು ಅಪರೂಪ. ಇಷ್ಟನ್ನು ಮೇಲ್‌ನ ಮೊದಲ ಸಾಲಿನಲ್ಲಿ ಬರೆದಿದ್ದರೆ ಆ ಕಡೆಯವರು ಬೇರೆ ರೀತಿ ನೋಡುತ್ತಿದ್ದರು.

ಮುಚ್ಚಿದ ಟಿಕೆಟ್ ಬಗ್ಗೆ ತಕರಾರು ಎತ್ತಿದ ಮೇಲೆ ಹೆಲ್ಪ್‌ಡೆಸ್ಕ್ ಒಂದು ಸುಲಭ ದಾರಿ ತೋರಿಸಿತು. 309 ಹಾಕಿ ZZ ಕೋಡ್‌ನಿಂದ 2RS ಕೋಡ್‌ಗೆ 200 ವರ್ಗ ಮಾಡಿಬಿಡಿ, ಎರಡೂ ಸರಿಹೋಗುತ್ತವೆ. ನಿಜ, ಸ್ಟಾಕ್ ಸರಿಹೋಗುತ್ತದೆ. ZZ 60, 2RS 240. ಸೂಪರ್‌ವೈಸರ್ ಒಪ್ಪಿಯೂಬಿಟ್ಟಿದ್ದರು. ನಾನು "ಅಣ್ಣಾ, ಸ್ವಲ್ಪ ತಡೀರಿ" ಅಂದೆ.

ಯಾಕೆಂದರೆ 309 ಪರ್ಚೇಸ್ ಆರ್ಡರನ್ನು ಮುಟ್ಟುವುದಿಲ್ಲ. 10ನೇ ಸಾಲಿಗೆ 300 ಬಂದಿದೆ, 20ನೇ ಸಾಲಿಗೆ ಏನೂ ಬಂದಿಲ್ಲ ಅಂತಲೇ ಅದು ಹೇಳುತ್ತಿರುತ್ತದೆ. ಪರ್ಚೇಸ್‌ನವರು ಸಪ್ಲೈಯರ್‌ಗೆ ಫೋನ್ ಮಾಡಿ 2RS ಎಲ್ಲಿ ಅಂತ ಕೇಳುತ್ತಾರೆ. ಅವನು ಕಳಿಸಿ ಆಗಿದೆ ಅಂತ ಚಲನ್ ತೋರಿಸುತ್ತಾನೆ. ನಾಳೆ ನಿಜವಾದ ZZ 500 ಬಂದಾಗ 10ನೇ ಸಾಲಿನಲ್ಲಿ ಬಾಕಿ 200 ಮಾತ್ರ. ಲಾರಿ ಗೇಟಿನಲ್ಲಿ ನಿಲ್ಲುತ್ತದೆ.

ಬಿಲ್ಲಿನದು ಇನ್ನೊಂದು ರಗಳೆ. ಲೆಕ್ಕಕ್ಕೆ ಸುಮ್ನೆ ZZ 100 ರೂಪಾಯಿ, 2RS 120 ರೂಪಾಯಿ ಅಂತ ಹಿಡಿಯಿರಿ. ಸಪ್ಲೈಯರ್ ಬಿಲ್ 2RS 300 ನಗಕ್ಕೆ, 36,000 ರೂಪಾಯಿ. ನಮ್ಮ ರಿಸೀಟ್ ಆಗಿರುವುದು ZZ ರೇಟಿನಲ್ಲಿ, 30,000ಕ್ಕೆ. ಅಕೌಂಟ್ಸ್‌ನವರು MIROದಲ್ಲಿ ಬಿಲ್ ಹಾಕಲು ಕೂತರೆ 20ನೇ ಸಾಲಿನಲ್ಲಿ ಬಂದ ಮಾಲೇ ಇಲ್ಲ. ಆ ಬಿಲ್ ಯಾರ ಟೇಬಲ್ ಮೇಲೆ ಬರುತ್ತದೆ? ತಿರುಗಿ ಸ್ಟೋರ್‌ಗೇ. ಜೊತೆಗೆ ಪ್ರೊಡಕ್ಷನ್ ಆರ್ಡರ್‌ನಲ್ಲಿ, ನಿಜವಾಗಿ ಬಳಸದೇ ಇದ್ದ ZZ 100ರ ಖರ್ಚು ಹಾಗೇ ಕೂತಿರುತ್ತದೆ.

ಕೆಲವರು ಇದಕ್ಕಿಂತ ಕೆಟ್ಟದ್ದು ಮಾಡುತ್ತಾರೆ. ಸ್ಟಾಕ್ ಎಣಿಕೆಯ ವ್ಯತ್ಯಾಸ ಅಂತ 701, 702 ಹಾಕಿ ಒಂದನ್ನು ಏರಿಸಿ ಇನ್ನೊಂದನ್ನು ಇಳಿಸುತ್ತಾರೆ. ಆಡಿಟ್‌ನಲ್ಲಿ 200 ಬೇರಿಂಗ್ ಎಲ್ಲಿ ಹೋದವು ಅಂತ ಕೇಳುತ್ತಾರೆ, ಹೋಗೇ ಇಲ್ಲದ ಮಾಲಿಗೆ ಉತ್ತರ ಹುಡುಕಬೇಕು.

ಕೊನೆಗೆ ಅವರ ಮನೆಯಲ್ಲಿ ಕೂತು ಹೊಸ ಮೇಲ್ ಬರೆದೆವು. ಕಳಿಸಿದ್ದು ಇಂಗ್ಲಿಷ್‌ನಲ್ಲಿ, ಮಾತಾಡಿಕೊಂಡಿದ್ದು ನಮ್ಮ ಭಾಷೆಯಲ್ಲೇ. ಸಾರಾಂಶ ಹೀಗಿತ್ತು:

"ಪಿಒದ 20ನೇ ಸಾಲಿನ 2RS 300 ನಗ ತಪ್ಪಾಗಿ 10ನೇ ಸಾಲಿನ ZZಗೆ ರಿಸೀಟ್ ಆಗಿದೆ. ಡಾಕ್ಯುಮೆಂಟ್ ನಂಬರ್ ಮತ್ತು ವರ್ಷ ಕೆಳಗಿದೆ, ಚಲನ್ ಪ್ರತಿ ಲಗತ್ತಿಸಿದೆ. ಇವತ್ತು ಬೆಳಿಗ್ಗೆ ಇಶ್ಯೂ ನಿಲ್ಲಿಸಿ ಎಣಿಸಿದ್ದೇವೆ: ZZ 60, 2RS 240. ಸಿಸ್ಟಮ್‌ನಲ್ಲಿ ZZ 260, 2RS 40. ಒಟ್ಟು ಎರಡೂ ಕಡೆ 300. ರಿಸೀಟ್ ನಂತರ ZZನಲ್ಲಿ ಎರಡು ಇಶ್ಯೂ ಆಗಿವೆ. 60ರದ್ದು ಸರಿ. 100ರದ್ದು ನಿಜವಾಗಿ 2RS. ಆದ್ದರಿಂದ ಮೊದಲು ಆ 100ರ ಇಶ್ಯೂ ಹಿಂದಕ್ಕೆ ತೆಗೆಯಲು, ನಂತರ ರಿಸೀಟ್ ಕ್ಯಾನ್ಸಲ್ ಮಾಡಲು ಅನುಮತಿ ಬೇಕು. ಹೊಸ ರಿಸೀಟ್ ಮತ್ತು ಇಶ್ಯೂ ನಾವೇ ಹಾಕುತ್ತೇವೆ. ಈ ಪಿಒಗೆ ಬಿಲ್ ಇನ್ನೂ ಬುಕ್ ಆಗಿಲ್ಲ, ಅಕೌಂಟ್ಸ್‌ನಲ್ಲಿ ಕೇಳಿದ್ದೇವೆ. ತಿಂಗಳು ಮುಚ್ಚುವ ಮೊದಲು ಆಗಬೇಕು."

ಕೊನೆಯ ಎರಡು ವಾಕ್ಯ ಸುಮ್ಮನೆ ಸೇರಿಸಿದ್ದಲ್ಲ. ಬಿಲ್ ಬುಕ್ ಆಗಿದ್ದರೆ ಸಾಮಾನ್ಯವಾಗಿ ಮೊದಲು ಅದನ್ನು ಬಿಡಿಸಬೇಕಾಗುತ್ತದೆ. ಪೀರಿಯಡ್ ಮುಚ್ಚಿದರೆ ಆ ತಾರೀಖಿಗೆ ಪೋಸ್ಟಿಂಗ್ ಆಗುವುದಿಲ್ಲ, ತಿಂಗಳ ಕೊನೆಯ ಸ್ಟಾಕ್ ತಪ್ಪಾಗಿಯೇ ಉಳಿಯುತ್ತದೆ.

ಕ್ರಮ ತಪ್ಪಿದರೆ ಮತ್ತೆ ಅದೇ ಎರರ್. ಮೊದಲು ಆ 100ರ ಇಶ್ಯೂ ಹಿಂದಕ್ಕೆ ತೆಗೆಯುವ 262 ಬಿದ್ದು ZZ 260ರಿಂದ 360 ಆಯಿತು. ಆಮೇಲೆ 102, ಉಳಿದದ್ದು 60. ಆಮೇಲೆ 20ನೇ ಸಾಲಿಗೆ ಸರಿಯಾದ 101, 2RS 340. ಕೊನೆಗೆ ಅದರಲ್ಲಿ 100 ಇಶ್ಯೂ, 240. ರ‍್ಯಾಕ್‌ನಲ್ಲಿ ಇದ್ದದ್ದೂ ಅದೇ. 10ನೇ ಸಾಲು ಮತ್ತೆ ಪೂರ್ತಿ 500 ಬಾಕಿ ತೋರಿಸಿತು.

ಹೆಲ್ಪ್‌ಡೆಸ್ಕ್ ಈ ಮೇಲ್‌ಗೆ ಒಂದೂ ಮರುಪ್ರಶ್ನೆ ಕೇಳಲಿಲ್ಲ. ಆದರೂ ನನ್ನ ತಕರಾರು ಉಳಿದಿದೆ. ಇಷ್ಟು ಲೆಕ್ಕ ಸೂಪರ್‌ವೈಸರ್ ಮಾಡಿಕೊಡಬೇಕೇ? ರ‍್ಯಾಕ್ ಎಣಿಸುವುದು, ಯಾವ ಇಶ್ಯೂ ನಿಜ ಯಾವುದು ಸುಳ್ಳು ಹೇಳುವುದು ಅವರೊಬ್ಬರಿಗೇ ಸಾಧ್ಯ, ಅದನ್ನು ಅವರೇ ಕೊಡಬೇಕು. ಸ್ಕ್ರೀನ್‌ನ ಚರಿತ್ರೆ ತೆಗೆದು ಓದುವುದು ಸಪೋರ್ಟ್‌ನವರ ಕೆಲಸ. ಟಿಕೆಟ್ ಎಷ್ಟು ಬೇಗ ಮುಚ್ಚಿದಿರಿ ಅಂತ ಅಳೆಯುವ ಕಡೆ ಅದನ್ನು ಯಾರೂ ಮಾಡುವುದಿಲ್ಲ.

ZZ ಹೆಸರಿನಲ್ಲಿ 2RS ಇಶ್ಯೂ ಮಾಡಿದವರ ಮೇಲೂ ನನಗೆ ಸಿಟ್ಟಿದೆ, ಕ್ಲರ್ಕ್‌ಗಿಂತ ಜಾಸ್ತಿ. ಕ್ಲರ್ಕ್ ಕಣ್ತಪ್ಪಿ ಮಾಡಿದ. ಇವರು ಕಣ್ಣು ಬಿಟ್ಟುಕೊಂಡೇ ಮಾಡಿದರು. ಸಿಸ್ಟಮ್ "ಇಲ್ಲ" ಅಂದ ಆ ಕ್ಷಣವೇ ಮಾಲು ಎದುರಿಗಿತ್ತು. ತಪ್ಪು ಸಿಕ್ಕಿಬೀಳಬೇಕಾಗಿದ್ದ ಜಾಗವೇ ಅದು.

ಈಗ ಆ ಗೋದಾಮಿನಲ್ಲಿ ಮಾಲು ರ‍್ಯಾಕ್‌ಗೆ ಇಡುವ ಹುಡುಗ ರಿಸೀಟ್ ಚೀಟಿಯ ಕೋಡನ್ನು ಡಬ್ಬಿಯ ಮೇಲಿನ ಅಕ್ಷರಕ್ಕೆ ತಾಳೆ ನೋಡಿ ಸಹಿ ಹಾಕುತ್ತಾನೆ. ಎರಡೂ ಬೇರಿಂಗ್‌ಗಳ ವಿವರಣೆಯಲ್ಲಿ ತಗಡು, ರಬ್ಬರ್ ಅನ್ನುವುದನ್ನು ಮೊದಲೇ ಕಾಣುವ ಹಾಗೆ ಬದಲಾಯಿಸಿ ಅಂತ ಇನ್ನೊಂದು ಟಿಕೆಟ್ ಹಾಕಿದ್ದಾರೆ. ಅದಕ್ಕಿನ್ನೂ ಉತ್ತರ ಬಂದಿಲ್ಲ.